ಗಾಜಿನ ಅಂಚು ಎಲ್ಲಿದೆ? ಫೋಟೊದಿಂದ ವಕ್ರೀಭವನ ಸೂಚ್ಯಂಕ ಅಳೆಯುವ ಕ್ರಮ

ನಮ್ಮ ಸೇಡಂ ಕಡೆ ಚಪ್ಪಡಿ ಎಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಶಹಾಬಾದ್ ಕಲ್ಲು. ಹತ್ತನೆಯ ತರಗತಿಯಲ್ಲಿ ‘ಗಾಜಿನ ಚಪ್ಪಡಿ’ ಎಂದಾಗ ಒಬ್ಬ ಹುಡುಗ ಕಾಲಿನ ಕೆಳಗಿನ ನೆಲ ನೋಡಿದ್ದನ್ನು ನಾನು ಮರೆತಿಲ್ಲ. ಪ್ರಯೋಗಾಲಯದಲ್ಲಿರುವುದು ಅಂಥ ಒಂದೇ ಒಂದು ಗಾಜು. ಎಪ್ಪತ್ತೈದು ಮಿಲಿಮೀಟರ್ ಉದ್ದ, ಐವತ್ತು ಅಗಲ, ಹದಿನೆಂಟು ದಪ್ಪ. ನಾಲ್ಕು ಗುಂಡುಸೂಜಿ ನೆಟ್ಟು ಕಣ್ಣು ಕಿರಿದು ಮಾಡಿ ನೋಡುವ ಹಳೆಯ ಪ್ರಯೋಗವನ್ನು ನಲವತ್ತು ಮಕ್ಕಳು ಸರದಿಯಲ್ಲಿ ಮಾಡಬೇಕೆಂದರೆ ಎರಡು ವಾರ ಬೇಕು. ಆದ್ದರಿಂದ ಬೆಳಕು ಬಾಗುವುದನ್ನು ಒಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದು, ಎಲ್ಲರೂ ಅದೇ ಫೋಟೊದ ಮೇಲೆ ಕೋನ ಅಳೆಯುವ ಕ್ರಮಕ್ಕೆ ಬಂದೆ.

ಮೊದಲ ಸಲ ಬಂದ ಉತ್ತರ 1.45. ಸಾಮಾನ್ಯ ಗಾಜಿಗೆ 1.52ರ ಆಸುಪಾಸು ಬರಬೇಕು. ಮತ್ತೊಮ್ಮೆ ಅಳೆದರೂ 1.45, ಮೂರನೆಯ ಸಲವೂ ಅಷ್ಟೇ. ಕೈ ನಡುಗಿ ಆಗುವ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುತ್ತದೆ. ಪ್ರತಿ ಸಲವೂ ಒಂದೇ ಕಡೆಗೆ ಜಾರುವ ತಪ್ಪಿಗೆ ಒಂದು ಕಾರಣ ಇರಲೇಬೇಕು. ಅದನ್ನು ಕಂಡುಹಿಡಿದದ್ದು ನಾನಲ್ಲ. ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಿದ್ದ ಒಬ್ಬ ಹುಡುಗಿ ಕೇಳಿದಳು: “ಸರ್, ಈ ಗಾಜಿಗೆ ಈ ಕಡೆ ಎರಡು ಅಂಚು ಕಾಣುತ್ತಿವೆ. ಯಾವುದನ್ನು ಹಿಡಿಯಬೇಕು?”

ಅವಳ ಪ್ರಶ್ನೆಯಲ್ಲೇ ಇಡೀ ವಿಷಯವಿದೆ. ಗಾಜಿನ ಮೇಲಿನ ಅಂಚು ಕ್ಯಾಮೆರಾಕ್ಕೆ 18 ಮಿ.ಮೀ. ಹತ್ತಿರ, ಕಾಗದಕ್ಕೆ ತಾಗಿದ ಕೆಳಗಿನ ಅಂಚು ಅಷ್ಟು ದೂರ. ಹತ್ತಿರವಿದ್ದದ್ದು ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ. ನಾನು ಮೊಬೈಲನ್ನು 30 ಸೆಂ.ಮೀ. ಎತ್ತರದಲ್ಲಿ ಹಿಡಿದಿದ್ದೆ. ಅಷ್ಟು ಎತ್ತರದಿಂದ 50 ಮಿ.ಮೀ. ಅಗಲದ ಗಾಜಿನ ಮೇಲ್ಮುಖ ಕಾಗದದ ಅಳತೆಯಲ್ಲಿ 53 ಮಿ.ಮೀ.ಗಿಂತ ತುಸು ಹೆಚ್ಚು ಕಾಣುತ್ತದೆ. ಬೆಳಕಿನ ಗೆರೆ ಕಾಗದದ ಮೇಲೆ, ಅಂಚು ಮಾತ್ರ ಗಾಜಿನ ನೆತ್ತಿಯ ಮೇಲೆ. ಈ ಎರಡನ್ನೂ ಒಂದೇ ಸಮತಲದಲ್ಲಿವೆ ಎಂದುಕೊಂಡು ಅಳೆದರೆ 1.52 ಇರಬೇಕಾದದ್ದು 1.45 ಆಗುತ್ತದೆ. ಮೊಬೈಲನ್ನು 50 ಸೆಂ.ಮೀ.ಗೆ ಏರಿಸಿದರೂ 1.48ರವರೆಗೆ ಮಾತ್ರ ಬರುತ್ತದೆ. ಹಾಗಾಗಿ ಫೋಟೊದಲ್ಲಿ ಕಾಣುವ ಗಾಜಿನ ಅಂಚನ್ನು ಅಳತೆಗೆ ಬಳಸಲೇಬಾರದು ಎಂಬುದು ಈಗ ನಮ್ಮ ನಿಯಮ.

ಗಾಜಿನೊಳಗಿನ ಬೆಳಕಿನ ಗೆರೆಯ ಕಥೆಯೂ ಹೆಚ್ಚು ಬೇರೆಯಲ್ಲ. ಕಾಗದಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ಬರುವ ಬೆಳಕು ಗಾಜಿನ ತಳದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತದೆ. ಏಕೆಂದರೆ ಗಾಜಿಗೂ ಕಾಗದಕ್ಕೂ ನಡುವೆ ಗಾಳಿಯ ತೆಳುವಾದ ಪದರ ಇದ್ದೇ ಇರುತ್ತದೆ. ಹಾಗಾಗಿ ತಿಳಿಯಾದ ಗಾಜಿನ ಕೆಳಗೆ ಗೆರೆ ಮಸುಕಾಗಿರುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ತಳ ಉಜ್ಜಿದ ಗಾಜಾದರೆ ಚೆನ್ನಾಗಿ ಕಾಣುತ್ತದೆ, ಆದರೆ ಬಕೆಟ್ಟಿನ ನೀರಿನ ತಳ ಮೇಲೆ ಬಂದಂತೆ ಕಾಣುವ ಹಾಗೆ ಸುಮಾರು 6 ಮಿ.ಮೀ. ಮೇಲೆ ಎತ್ತಿದಂತೆ ಕಾಣುತ್ತದೆ. ಎರಡೂ ಸಂದರ್ಭದಲ್ಲಿ ಅದನ್ನು ಬಿಟ್ಟುಬಿಡಿ. ಗಾಜಿನ ಹೊರಗೆ, ಬರಿಯ ಕಾಗದದ ಮೇಲೆ ಬೀಳುವ ಎರಡು ಗೆರೆಗಳು ನಮಗೆ ಸಾಕು: ಒಳಹೋಗುವ ಮುನ್ನಿನದು ಒಂದು, ಹೊರಬಂದ ಮೇಲಿನದು ಇನ್ನೊಂದು. ನಡುವಿನ ದಾರಿಯನ್ನು ನಾವೇ ಎಳೆಯುತ್ತೇವೆ.

ಕಾಗದ ಮತ್ತು ಗಾಜು

ಒಂದು ಎ4 ಗ್ರಾಫ್ ಹಾಳೆ ತೆಗೆದುಕೊಳ್ಳಿ. ನೆಲದ ಮೇಲೆ ಹಾಸಬೇಡಿ. ನಮ್ಮ ಕಡೆಯ ಕಲ್ಲಿನ ನೆಲ ಕಣ್ಣಿಗೆ ಎಷ್ಟೇ ಸಮವೆನಿಸಿದರೂ ಗಾಜಿಟ್ಟರೆ ಅದು ಅಲುಗಾಡುವುದು ಗೊತ್ತಾಗುತ್ತದೆ. ಪರೀಕ್ಷೆಗೆ ಒಯ್ಯುವ ಪ್ಯಾಡ್ ಅಥವಾ ಡ್ರಾಯಿಂಗ್ ಬೋರ್ಡಿನ ಮೇಲೆ ಹಾಳೆಯ ನಾಲ್ಕು ಮೂಲೆಗೂ ಟೇಪ್ ಹಚ್ಚಿ.

ಗಾಜಿನ ಅಗಲವನ್ನು ಸ್ಕೇಲಿನಿಂದ, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಅಷ್ಟೇ ಅಂತರದಲ್ಲಿ ಎರಡು ಸಮಾಂತರ ಗೆರೆಗಳನ್ನು ಕಪ್ಪು ಪೆನ್ನಿನಿಂದ ಹಾಳೆಯ ಈ ತುದಿಯಿಂದ ಆ ತುದಿಯವರೆಗೆ ಎಳೆಯಿರಿ. ಗಾಜಿನ ಸುತ್ತ ಪೆನ್ಸಿಲ್ ಆಡಿಸಿ ಚೌಕಟ್ಟು ಬರೆಯುವ ಅಭ್ಯಾಸ ಇಲ್ಲಿ ಬೇಡ. ಪೆನ್ಸಿಲಿನ ಮೊನೆ ಗಾಜಿನಿಂದ ಅರ್ಧ ಮಿಲಿಮೀಟರ್ ಹೊರಗೆ ಓಡುತ್ತದೆ, ಎರಡೂ ಬದಿ ಹಾಗಾದರೆ ಉತ್ತರ 0.02 ಕಡಿಮೆಯಾಗುತ್ತದೆ. ಗೆರೆ ಎಳೆದ ಮೇಲೆ ಗಾಜನ್ನು ಸರಿಯಾಗಿ ಎರಡರ ನಡುವೆ ಕೂರಿಸಿ. ಗೆರೆಗಳು ಗಾಜಿನ ಎಡಕ್ಕೂ ಬಲಕ್ಕೂ ನಾಲ್ಕೈದು ಸೆಂ.ಮೀ. ಚಾಚಿಕೊಂಡಿರಬೇಕು. ಫೋಟೊದಲ್ಲಿ ಗಾಜಿನ ಮುಖ ಎಲ್ಲಿದೆ ಎಂದು ಹೇಳುವುದು ಈ ಚಾಚಿದ ಭಾಗ. ಅದು ಕಾಗದದ ಮೇಲೆಯೇ ಇದೆ, ಗಾಜಿನ ಮೂಲಕ ಕಾಣುವುದಲ್ಲ.

ಬೆಳಕಿನ ಗೆರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದವರು ಒಂದು ಅಗ್ಗದ ಕೆಂಪು ಲೇಸರ್ ಪಾಯಿಂಟರ್ ತಂದರೆ ಸಾಕು. ಅದು ಚುಕ್ಕೆ ಕೊಡುತ್ತದೆ, ನಮಗೆ ಬೇಕಾದದ್ದು ಗೆರೆ. ಪಾಯಿಂಟರಿನ ಬಾಯಿಗೆ ಅಡ್ಡಲಾಗಿ, ಕಾಗದಕ್ಕೆ ಸಮಾಂತರವಾಗಿ, ಪ್ರಯೋಗಾಲಯದ ಗಾಜಿನ ಕಡ್ಡಿಯೊಂದನ್ನು ಟೇಪಿನಿಂದ ಅಂಟಿಸಿ. ಕಡ್ಡಿ ಬೆಳಕನ್ನು ಮೇಲೆ ಕೆಳಗೆ ಬೀಸಣಿಗೆಯಂತೆ ಹರಡುತ್ತದೆ. ಆ ಬೀಸಣಿಗೆ ಕಾಗದವನ್ನು ಮುಟ್ಟಿದಲ್ಲಿ ಉದ್ದನೆಯ ಕೆಂಪು ಗೆರೆ ಮೂಡುತ್ತದೆ.

ಪಾಯಿಂಟರಿನ ಬಾಯಿ ಕಾಗದದಿಂದ 1 ಸೆಂ.ಮೀ.ಗಿಂತ ಎತ್ತರ ಇರಬಾರದು, ಗಾಜಿನಿಂದ ಸುಮಾರು 20 ಸೆಂ.ಮೀ. ದೂರ ಇರಬೇಕು. ಈ ಎರಡು ಅಳತೆಗಳ ಹಿಂದೆ ಕಾರಣವಿದೆ. n = sin i / sin r ಎಂಬ ಸೂತ್ರ ಕಿರಣವು ಕಾಗದಕ್ಕೆ ಸಮಾಂತರವಾಗಿ ಹೋಗುತ್ತದೆ ಎಂದು ಭಾವಿಸುತ್ತದೆ. ಮೇಲಿನಿಂದ ಇಳಿಜಾರಾಗಿ ಬಂದ ಕಿರಣಕ್ಕೆ ಗಾಜು ಇರುವುದಕ್ಕಿಂತ ಹೆಚ್ಚು ಬಾಗಿಸಿದಂತೆ ಕಾಣುತ್ತದೆ. ಇಳಿಜಾರು 5 ಡಿಗ್ರಿ ಇದ್ದರೆ ಉತ್ತರ 0.003 ಮಾತ್ರ ಏರುತ್ತದೆ, ಅದು ನಮಗೆ ಲೆಕ್ಕಕ್ಕಿಲ್ಲ. 10 ಡಿಗ್ರಿಗೆ 0.013, 20 ಡಿಗ್ರಿಗೆ 0.05ಕ್ಕೂ ಹೆಚ್ಚು. ಒಂದು ಸೆಂ.ಮೀ. ಎತ್ತರ, ಇಪ್ಪತ್ತು ಸೆಂ.ಮೀ. ದೂರ ಇಟ್ಟರೆ ಗಾಜು ದಾಟಿ ಕಾಗದಕ್ಕೆ ಬೀಳುವ ಬೆಳಕಿನ ಇಳಿಜಾರು ಮೂರು ಡಿಗ್ರಿಯೊಳಗೇ ಉಳಿಯುತ್ತದೆ.

ಒಮ್ಮೆ ಟೈಲ್ಸ್ ಕೂರಿಸುವ ಮೇಸ್ತ್ರಿಯೊಬ್ಬರಿಂದ ಲೇಸರ್ ಲೆವೆಲ್ ಕೇಳಿ ತಂದಿದ್ದೆ. ಗೆರೆ ಬಹಳ ಸೊಗಸಾಗಿತ್ತು, ಕಡ್ಡಿ ಅಂಟಿಸುವ ಗೋಜೂ ಇರಲಿಲ್ಲ. ಆದರೆ ಅದರ ಬೆಳಕು ಹೊರಡುವುದು ಗಾಜಿಗಿಂತ ಬಹಳ ಎತ್ತರದಿಂದ. ಗಾಜಿನ ಆಚೆ ಒಂದಲ್ಲ, ಎರಡು ಗೆರೆ ಬಿದ್ದವು. ಒಂದು ಸ್ವಲ್ಪವೂ ಬಾಗದೆ ನೇರ ಹೋಗಿತ್ತು: ಅದು ಗಾಜನ್ನು ಮುಟ್ಟದೆ ನೆತ್ತಿಯ ಮೇಲಿಂದ ಹಾರಿಬಂದ ಬೆಳಕು. ಇನ್ನೊಂದು ಪಕ್ಕಕ್ಕೆ ಸರಿದು ಒಳಬಂದ ಗೆರೆಗೆ ಸಮಾಂತರವಾಗಿತ್ತು: ಅದು ಮುಂದಿನ ಮುಖದಿಂದ ಒಳಹೋಗಿ ಹಿಂದಿನ ಮುಖದಿಂದ ಹೊರಟದ್ದು. ನಿಮ್ಮ ಫೋಟೊದಲ್ಲಿ ಹೀಗೆ ಎರಡು ಗೆರೆ ಕಂಡರೆ ಬೆಳಕಿನ ಮೂಲ ಎತ್ತರದಲ್ಲಿದೆ ಎಂದೇ ತಿಳಿಯಿರಿ.

ಗಾಜಿನ ಮುಂದಿನ ಮುಖದಿಂದ ಸ್ವಲ್ಪ ಬೆಳಕು ಕನ್ನಡಿಯಂತೆ ಹಿಂದಕ್ಕೆ ಹಾರುತ್ತದೆ. ಅದು ಯಾವ ಕಡೆ ಹೋಗುತ್ತದೆ ಎಂದು ಮೊದಲು ನೋಡಿ, ಆ ಕಡೆ ಯಾರನ್ನೂ ಬಗ್ಗಿ ನಿಲ್ಲಲು ಬಿಡಬೇಡಿ. ಲೇಸರ್ ಕಣ್ಣಿನ ಮಟ್ಟಕ್ಕೆ ಬರಲೇಬಾರದು.

ಮೊಬೈಲನ್ನು ನಿಲ್ಲಿಸುವುದು

ಎರಡು ಕುರ್ಚಿಗಳ ನಡುವೆ ಒಂದು ಹಲಗೆ, ಅದರಾಚೆ ಕ್ಯಾಮೆರಾ ಚಾಚಿಕೊಂಡಂತೆ ಮೊಬೈಲ್. ಕಾಗದದಿಂದ ಅರ್ಧ ಮೀಟರ್ ಎತ್ತರ, 2x ಜೂಮ್. ಹತ್ತಿರ ತಂದು ಜೂಮ್ ಇಲ್ಲದೆ ತೆಗೆಯುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ಆಗ ನಮಗೆ ಬೇಕಾದ ಭಾಗ ಲೆನ್ಸಿನ ನಡುವಿನಲ್ಲಿರುತ್ತದೆ. ಲೆನ್ಸು ಗೆರೆಗಳನ್ನು ಬಿಲ್ಲಿನಂತೆ ಬಾಗಿಸುವುದು ಅಂಚಿನಲ್ಲಿ.

ಕ್ಯಾಮೆರಾ ಓರೆಯಾಗಿದ್ದರೆ ಚೌಕವು ಚೌಕವಾಗಿ ಉಳಿಯುವುದಿಲ್ಲ, ಕೋನಗಳೆಲ್ಲ ಕೆಡುತ್ತವೆ. ಓರೆಯನ್ನು ಕಣ್ಣಂದಾಜಿನಲ್ಲಿ ತೆಗೆಯಲಾಗದು. ಅದಕ್ಕೊಂದು ಸುಲಭದ ಉಪಾಯವಿದೆ. ಗಾಜು ಇಡುವ ಮೊದಲು ಕಾಗದದ ನಡುವೆ ಒಂದು ಚಪ್ಪಟೆ ಕನ್ನಡಿಯನ್ನು ಮಲಗಿಸಿ. ಮೊಬೈಲ್ ಪರದೆಯಲ್ಲಿ ಆ ಕನ್ನಡಿಯೊಳಗೆ ಮೊಬೈಲಿನದೇ ಪ್ರತಿಬಿಂಬ ಕಾಣುತ್ತದೆ. ಪ್ರತಿಬಿಂಬದ ಲೆನ್ಸು ಪರದೆಯ ಸರಿಯಾದ ನಡುವಿಗೆ ಬರುವವರೆಗೆ ಮೊಬೈಲಿನ ಒಂದು ಅಥವಾ ಇನ್ನೊಂದು ಬದಿಗೆ ಮಡಚಿದ ಕಾಗದದ ಚೂರು ಸಿಕ್ಕಿಸುತ್ತ ಹೋಗಿ. ಲೆನ್ಸು ನಡುವಿಗೆ ಬಂದಿತೆಂದರೆ ಕ್ಯಾಮೆರಾ ಕಾಗದಕ್ಕೆ ಲಂಬವಾಗಿದೆ. ಕ್ಯಾಮೆರಾದ ಅಡ್ಡ-ಉದ್ದ ಗೆರೆಗಳನ್ನು ಆನ್ ಮಾಡಿಕೊಂಡರೆ ನಡುವನ್ನು ಗುರುತಿಸಲು ಅನುಕೂಲ. ಕನ್ನಡಿ ತೆಗೆದು ಗಾಜಿಡಿ.

ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್ ಬಳಸಿ ಓರೆಯನ್ನು ಆಮೇಲೆ ಸರಿಪಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅಂಥ ಆ್ಯಪ್‌ಗಳು ಹಾಳೆಯನ್ನು ತಮಗೆ ತೋಚಿದ ಉದ್ದ-ಅಗಲದ ಅನುಪಾತಕ್ಕೆ ಎಳೆದುಬಿಡುತ್ತವೆ. ಚೆನ್ನಾಗಿ ಕಾಣುತ್ತದೆ, ಕೋನ ಮಾತ್ರ ಸುಳ್ಳಾಗಿರುತ್ತದೆ.

ಕಿಟಕಿ ಮುಚ್ಚಿ, ಬಾಗಿಲನ್ನು ಒಂದು ಗೇಣು ತೆರೆದಿಡಿ. ಪೂರ್ತಿ ಕತ್ತಲಾದರೆ ಕಪ್ಪು ಗೆರೆಗಳು ಕಾಣುವುದಿಲ್ಲ, ಬೆಳಕು ಹೆಚ್ಚಾದರೆ ಲೇಸರ್ ಕಾಣುವುದಿಲ್ಲ. ನಮ್ಮೂರಿನ ಮಧ್ಯಾಹ್ನದ ಬಿಸಿಲಿಗೆ ಪರದೆ ಸಾಲದು, ಸಂಜೆಯೇ ವಾಸಿ. ಫ್ಲ್ಯಾಶ್ ಬೇಡ. ಪರದೆಯ ಮೇಲೆ ಲೇಸರ್ ಗೆರೆಯನ್ನು ಮುಟ್ಟಿ, ಅದು ಬಿಳಿಯ ಪಟ್ಟೆಯಾಗದೆ ತೆಳುವಾದ ಕೆಂಪಾಗುವವರೆಗೆ ಪ್ರಖರತೆ ಇಳಿಸಿ. ಮೂರು ಸೆಕೆಂಡಿನ ಟೈಮರ್ ಹಾಕಿ ಕೈ ಹಿಂದೆ ತೆಗೆದುಕೊಳ್ಳಿ.

ಫೋಟೊದ ಮೇಲೆ ಅಳತೆ

ಫೋಟೊವನ್ನು ಕಂಪ್ಯೂಟರಿನಲ್ಲಿ Paint ಮೂಲಕ ತೆರೆದರೆ ಮೌಸ್ ಆಡಿಸಿದಂತೆ ಕೆಳಗಡೆ ಆ ಬಿಂದುವಿನ ಎರಡು ಅಂಕಿಗಳು ಕಾಣುತ್ತವೆ. ಮೊದಲನೆಯದು ಎಡದಿಂದ ಎಷ್ಟು, ಎರಡನೆಯದು ಮೇಲಿನಿಂದ ಎಷ್ಟು ಪಿಕ್ಸೆಲ್ ಎಂಬುದು. ಕಪ್ಪು ಗೆರೆಗಳು ಸರಿಯಾಗಿ ಅಡ್ಡ ಇರುವಂತೆ ಫೋಟೊವನ್ನು ಮೊಬೈಲಿನಲ್ಲೇ ತಿರುಗಿಸಿಕೊಂಡಿರಿ. ಗೆರೆಯ ಎಡ ತುದಿಯ ಎರಡನೆಯ ಅಂಕಿಯೂ ಬಲ ತುದಿಯ ಎರಡನೆಯ ಅಂಕಿಯೂ ಒಂದೇ ಆದರೆ ತಿರುವು ಸರಿಯಾಗಿದೆ ಎಂದರ್ಥ. ಆಮೇಲೆ ಗ್ರಾಫಿನ 10 ಸೆಂ.ಮೀ.ಯನ್ನು ಅಡ್ಡಲಾಗಿಯೂ ಉದ್ದವಾಗಿಯೂ ಎಣಿಸಿ ನೋಡಿ. ಎರಡೂ ಸಮವಿರಬೇಕು.

ನಮ್ಮ ಒಂದು ಫೋಟೊದ ಅಂಕಿಗಳನ್ನೇ ಇಡುತ್ತೇನೆ. ಒಂದು ಮಿಲಿಮೀಟರಿಗೆ 12 ಪಿಕ್ಸೆಲ್ ಬಂದಿತ್ತು. ಮುಂದಿನ ಮುಖದ ಕಪ್ಪು ಗೆರೆ ಮೇಲಿನಿಂದ 1200ರಲ್ಲಿ, ಹಿಂದಿನದು 1800ರಲ್ಲಿ. ನಡುವೆ 600 ಪಿಕ್ಸೆಲ್, ಎಂದರೆ ಸರಿಯಾಗಿ 50 ಮಿ.ಮೀ.

ಒಳಬರುವ ಗೆರೆಯ ಮೇಲೆ ದೂರದೂರ ಇರುವ ಎರಡು ಬಿಂದು ಹಿಡಿದೆವು: (1109, 604) ಮತ್ತು (1640, 1050). ಗೆರೆಗೆ ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತದೆ, ಪ್ರತಿ ಬಾರಿಯೂ ಅದರ ಎರಡು ದಡ ನೋಡಿ ನಡುವನ್ನು ಹಿಡಿಯಬೇಕು. ಅಡ್ಡ ಸರಿದದ್ದು 531, ಕೆಳಗೆ ಇಳಿದದ್ದು 446. ಮುಖಕ್ಕೆ ಲಂಬ ಎಂದರೆ ಇಲ್ಲಿ ನೇರ ಕೆಳಕ್ಕೆ ಹೋಗುವ ದಿಕ್ಕು. ಆದ್ದರಿಂದ ಪತನ ಕೋನದ ಟ್ಯಾಂಜೆಂಟ್ 531/446, ಕೋನ 50.0 ಡಿಗ್ರಿ.

ಗೆರೆ ಗಾಜಿಗೆ ತಾಗುವ ಜಾಗವನ್ನು ಕಣ್ಣಿನಿಂದ ಹಿಡಿಯಬೇಡಿ. ಅಲ್ಲಿ ಅಂಚಿನ ಹೊಳಪು ಇರುತ್ತದೆ, ಮೇಲಿನ ಅಂಚು ಅದನ್ನು ಮುಚ್ಚಿಯೂ ಇರಬಹುದು. ಲೆಕ್ಕದಿಂದಲೇ ಮುಂದಕ್ಕೆ ಎಳೆಯಿರಿ. 1050ರಿಂದ 1200ಕ್ಕೆ ಇನ್ನೂ 150 ಇಳಿಯಬೇಕು, ಅದೇ ಓರೆಯಲ್ಲಿ ಅಡ್ಡಕ್ಕೆ 179 ಸರಿಯುತ್ತದೆ. ಹಾಗಾಗಿ ಬೆಳಕು ಒಳಹೊಕ್ಕ ಜಾಗ 1819.

ಹೊರಬಂದ ಗೆರೆಯ ಮೇಲಿನ ಬಿಂದುಗಳು (2348, 1950) ಮತ್ತು (2881, 2400). ಇದರ ಕೋನ 49.8 ಡಿಗ್ರಿ. ಗಾಜಿನ ಎರಡು ಮುಖಗಳು ಸಮಾಂತರವಾಗಿರುವುದರಿಂದ ನಿರ್ಗಮನ ಕೋನ ಪತನ ಕೋನಕ್ಕೆ ಸಮವಿರಬೇಕು. ವ್ಯತ್ಯಾಸ 0.2 ಡಿಗ್ರಿ ಮಾತ್ರ. ನಾನು ಅರ್ಧ ಡಿಗ್ರಿಯವರೆಗೆ ಒಪ್ಪುತ್ತೇನೆ, ಒಂದು ಡಿಗ್ರಿ ದಾಟಿದರೆ ಆ ಫೋಟೊವನ್ನು ಅಳಿಸಿ ಕ್ಯಾಮೆರಾದ ಓರೆಯನ್ನು ಮತ್ತೆ ನೋಡುತ್ತೇನೆ. ಉತ್ತರ ಎಷ್ಟೆಂದು ತಿಳಿಯುವ ಮೊದಲೇ ಫೋಟೊ ಒಳ್ಳೆಯದೋ ಅಲ್ಲವೋ ಎಂದು ಹೇಳುವ ಪರೀಕ್ಷೆ ಇದು, ಮಕ್ಕಳು ಇದನ್ನು ಬಿಡಲು ಬಿಡಬೇಡಿ. ಈ ಗೆರೆಯನ್ನು 1950ರಿಂದ ಹಿಂದಕ್ಕೆ 1800ರವರೆಗೆ ಎಳೆದರೆ ಬೆಳಕು ಹೊರಟ ಜಾಗ 2170 ಎಂದು ಬರುತ್ತದೆ.

ಈಗ ಗಾಜಿನೊಳಗಿನ ದಾರಿ ತಾನಾಗಿ ಸಿಕ್ಕಿತು. 1819ರಿಂದ 2170ಕ್ಕೆ ಅಡ್ಡ 351, ಇಳಿತ 600. ಟ್ಯಾಂಜೆಂಟ್ 0.585, ವಕ್ರೀಭವನ ಕೋನ 30.3 ಡಿಗ್ರಿ. ಸೈನ್ 50.0 ಎಂದರೆ 0.766, ಸೈನ್ 30.3 ಎಂದರೆ 0.505. ಭಾಗಿಸಿದರೆ 1.52.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಡಿಗ್ರಿಯ ತಂಟೆಗೇ ಹೋಗದೆ ಹೀಗೆ ಬರೆಯಬಹುದು:

```
=SIN(ATAN(531/446))/SIN(ATAN(351/600))
```

1.516 ಎಂದು ತೋರಿಸುತ್ತದೆ. ಅಲ್ಲಿ ನೇರವಾಗಿ `=SIN(50)` ಎಂದು ಬರೆದರೆ ಅದು 50 ರೇಡಿಯನ್ ಎಂದುಕೊಂಡು −0.262 ಕೊಡುತ್ತದೆ. ಕಂಪ್ಯೂಟರ್ ಇಲ್ಲದ ಶಾಲೆಯವರು ಫೋಟೊ ಪ್ರಿಂಟ್ ತೆಗೆದು, ಇದೇ ಗೆರೆಗಳನ್ನು ಸ್ಕೇಲಿನಿಂದ ಎಳೆದು, ಕೋನಮಾಪಕದಿಂದ ಅಳೆಯಬಹುದು. ಪ್ರಿಂಟ್ ದೊಡ್ಡದಿದ್ದಷ್ಟೂ ಒಳ್ಳೆಯದು.

ಎಷ್ಟು ನಂಬಬಹುದು

1.516ರಲ್ಲಿ ಕೊನೆಯ ಆರನ್ನು ನಂಬಬೇಡಿ. ಹೊರಟ ಜಾಗವನ್ನು ಅರ್ಧ ಮಿಲಿಮೀಟರ್, ಎಂದರೆ 6 ಪಿಕ್ಸೆಲ್ ತಪ್ಪಾಗಿ ಹಿಡಿದಿದ್ದರೆ ಉತ್ತರ 1.50 ಆಗುತ್ತಿತ್ತು. ಅದೇ ಅರ್ಧ ಮಿಲಿಮೀಟರಿನ ತಪ್ಪು 20 ಡಿಗ್ರಿಯ ಪತನ ಕೋನದಲ್ಲಿ ಆಗಿದ್ದರೆ 1.52 ಇರಬೇಕಾದದ್ದು 1.46ಕ್ಕೆ ಇಳಿಯುತ್ತಿತ್ತು. ಕೋನ ಚಿಕ್ಕದಾದರೆ ಬೆಳಕು ಬಾಗುವುದೇ ಕಡಿಮೆ, ಇದ್ದ ತಪ್ಪು ಅದಕ್ಕೆ ಹೋಲಿಸಿದರೆ ದೊಡ್ಡದಾಗುತ್ತದೆ. ಮಕ್ಕಳು ಮಾತ್ರ ಸಹಜವಾಗಿ 20, 30 ಎಂದು ಚಿಕ್ಕ ಕೋನದಿಂದಲೇ ಶುರು ಮಾಡುತ್ತಾರೆ. 40ರಿಂದ 60ರ ನಡುವೆ ಇಡಿ. 70 ದಾಟಿದರೆ ಬೆಳಕು ಮುಂದಿನ ಮುಖದಿಂದಲೇ ಹೆಚ್ಚು ಹೆಚ್ಚಾಗಿ ಹಿಂದಿರುಗುತ್ತ ಹೋಗಿ ಹೊರಬರುವ ಗೆರೆ ಸೊರಗುತ್ತದೆ. ನಮಗೆ 40, 50, 60 ಡಿಗ್ರಿಗಳಲ್ಲಿ 1.50, 1.52, 1.52 ಬಂದವು. ಸರಾಸರಿ 1.51 ಎಂದು ಬರೆದು, ಪಕ್ಕದಲ್ಲಿ 0.02 ಹೆಚ್ಚು ಕಡಿಮೆ ಎಂದು ಸೇರಿಸಿದೆವು.

ಆ ಹೆಚ್ಚು ಕಡಿಮೆ ಎಂಬ ಮಾತು ಬೇಗನೇ ಕೆಲಸಕ್ಕೆ ಬಂತು. ಪಕ್ಕದ ತಾಲ್ಲೂಕಿನ ಶಿಕ್ಷಕ ಮಿತ್ರರೊಬ್ಬರು ಹೊಸದಾಗಿ ಕೊಂಡ ಚಪ್ಪಡಿಯನ್ನು ಇದೇ ಕ್ರಮದಲ್ಲಿ ಅಳೆದು ಫೋನ್ ಮಾಡಿದರು. “ಸರ್, ಆರು ಫೋಟೊ ತೆಗೆದೆ. ಎಲ್ಲವೂ 1.48, 1.49, 1.50. ಎಲ್ಲಿ ತಪ್ಪಿದೆ?” ಕಪ್ಪು ಗೆರೆ, ಕನ್ನಡಿ, ಪಾಯಿಂಟರಿನ ಎತ್ತರ ಎಲ್ಲ ಕೇಳಿದೆ, ಎಲ್ಲವೂ ಸರಿಯಾಗಿಯೇ ಇತ್ತು. ಅಕ್ರಿಲಿಕ್‌ನ ಸೂಚ್ಯಂಕ 1.49. ಆದರೆ ನಮ್ಮ ಅಳತೆಗಿರುವ ಅನುಮಾನದ ಅಗಲಕ್ಕೆ 1.49 ಮತ್ತು 1.52 ಬಹಳ ಹತ್ತಿರ, ಬೆಳಕಿನಿಂದಷ್ಟೇ ತೀರ್ಪು ಕೊಡಲು ನನಗೆ ಧೈರ್ಯ ಬರಲಿಲ್ಲ. ಅಳತೆ ಕೇಳಿದೆ: ನಮ್ಮದರಷ್ಟೇ, 75, 50, 18. ಗಾಜಾದರೆ ಘನ ಸೆಂಟಿಮೀಟರಿಗೆ ಎರಡೂವರೆ ಗ್ರಾಂ, ಒಟ್ಟು 169 ಗ್ರಾಂ ತೂಗಬೇಕು. ಅಕ್ರಿಲಿಕ್ ಆದರೆ ಸುಮಾರು 80. ಅವರು ಶಾಲೆಯ ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ಮತ್ತೆ ಫೋನ್ ಮಾಡಿದರು. 81 ಗ್ರಾಂ.